ಸೆರಗಿನ ಕೊಂಡಿ: ಅಣ್ಣನ ಮಗನಿಗೊಂದು ಪತ್ರ

ಇಳಕಲ್

ತಮ್ಮಾ,

ಪಿಯುಸಿ ಮುಗಿಸಿ ಮನೆಗೆ ಬಂದಾಗಿನಿಂದ ನೀನು ಊಟಕ್ಕೆ ಕೂತರೂ ಮಾತಾಡುತ್ತಿರಲಿಲ್ಲ. ಧಾರವಾಡಕ್ಕೆ ಹೋಗಿ ನೀನು ಬರೆದ ಪತ್ರ ಓದಿದ ಮೇಲೆ ಕಾರಣ ತಿಳಿಯಿತು. ಅಪ್ಪ ಅಂಗಡಿ ಅಂತಾನೆ, ನಿನಗೆ ಡಿಸೈನ್ ಓದಬೇಕು, ಆದರೆ ಅಂಗಡಿ ಬಿಟ್ಟು ಹೋದರೆ ತಪ್ಪಾಗುತ್ತದೇನೋ ಅಂತ ಮನಸ್ಸು ಹಿಂಜರಿಯುತ್ತದೆ. ನನ್ನ ಅಭಿಪ್ರಾಯ ಕೇಳಿದ್ದೀಯ. ಅದನ್ನು ಹೇಳುವ ಮೊದಲು ಒಂದು ಲುಕ್ಸಾನಿನ ಕತೆ ಹೇಳಬೇಕು. ನಿಮ್ಮ ಅಪ್ಪನಿಗೆ ಲೆಕ್ಕ ಮಾತ್ರ ಗೊತ್ತು, ಕಾರಣವನ್ನು ನಾನು ಅವನಿಗೂ ಪೂರ್ತಿ ಹೇಳಿಲ್ಲ.

ನೀನು ಐದನೇ ಇಯತ್ತೆಯಲ್ಲಿದ್ದಾಗ ಬೆಂಗಳೂರಿನ ಒಬ್ಬ ಗಿರಾಕಿ 24 ಸೀರೆಗೆ ಆರ್ಡರ್ ಕೊಟ್ಟರು. ಕಂಪ್ಯೂಟರಿನಲ್ಲಿ ಬರೆದ ಚಿತ್ರ ಕಳಿಸಿದ್ದರು. ಕಡುನೀಲಿ ಒಡಲು, ಕೆಂಪು ದಡಿ, ಕೆಂಪು ಸೆರಗು, ಅದರ ಮೇಲೆ ಬಿಳಿ ತೆನೆ. ನೋಡಿದರೆ ನಮ್ಮ ಇಳಕಲ್ ಸೀರೆಯೇ. ದರ ಮಾತ್ರ ಕಡಿಮೆ ಕೇಳಿದ್ದರು. ಎಲ್ಲಿ ಉಳಿಸಲಿ ಅಂತ ಯೋಚಿಸಿ ನಾನು ಕೊಂಡಿಗೆ ಕೈ ಹಾಕಿದೆ.

ಕೊಂಡಿ ಅಂದರೆ ಏನು ಅಂತ ನೀನು ಹುಟ್ಟಿನಿಂದ ಕೇಳಿದ್ದೀಯ, ಆದರೆ ಮಗ್ಗದ ಪಕ್ಕ ಕೂತು ನೋಡಿಲ್ಲ. ಬೇರೆ ಊರಿನ ಎಷ್ಟೋ ಸೀರೆಗಳಲ್ಲಿ ಹಾಸಿನ ಎಳೆ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಸೆರಗು ಬಂದಾಗ ಹೊಕ್ಕಿನ ಎಳೆ ಮಾತ್ರ ಬದಲಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯೋ ರೇಷ್ಮೆಯೋ ಇರಬಹುದು, ಸೆರಗಿಗೆ ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಎರಡೂ ಸೇರುವ ಜಾಗದಲ್ಲಿ ಈ ಎಳೆಯ ಕುಣಿಕೆಯೊಳಗೆ ಆ ಎಳೆಯ ಕುಣಿಕೆ ಸಿಕ್ಕಿಸುತ್ತಾರೆ. ಹೀಗೆ ಸಾವಿರಾರು ಎಳೆ, ಒಂದೊಂದಾಗಿ. ಆಮೇಲೆ ಹೊಕ್ಕು ಬಡಿದಾಗ ಅದು ಭದ್ರವಾಗುತ್ತದೆ. ಸೀರೆ ಬಿಚ್ಚಿ ಸೆರಗು ಶುರುವಾಗುವ ಕಡೆ ಬೆರಳಾಡಿಸು, ಸಣ್ಣದೊಂದು ದಪ್ಪ ಗೆರೆ ಕೈಗೆ ಹತ್ತುತ್ತದೆ. ನಮ್ಮ ಹಳ್ಳಿಯ ಮುದುಕಿಯರು ಸೀರೆಯ ಬಣ್ಣ ನೋಡುವ ಮೊದಲು ಅದನ್ನೇ ಮುಟ್ಟಿ ನೋಡುತ್ತಾರೆ.

ಈ ಕೊಂಡಿಯಿಂದಾಗಿ ಸೀರೆಗೊಂದು ಹಾಸು ಬೇರೆಯಾಗಿಯೇ ಹೂಡಬೇಕು. ಕೊಂಡಿ ಬಿಟ್ಟರೆ ಹನ್ನೆರಡು ಸೀರೆಯ ಉದ್ದಕ್ಕೆ ಒಂದೇ ಹಾಸು ಹೂಡಿ ನೇಯುತ್ತಾ ಹೋಗಬಹುದು. ನಾನು ಹಾಗೇ ಮಾಡಲು ಹೇಳಿದೆ, ಎರಡು ಮಗ್ಗ, ಹನ್ನೆರಡು ಹನ್ನೆರಡು. ನಮ್ಮ ಹಿರಿಯ ನೇಕಾರರು ಅಂದೇ ಅಂದರು: "ಸಾವ್ಕಾರ್ರ, ಕೊಂಡಿ ಹಾಕದಿದ್ರ ಸೆರಗು ಕೆಂಪು ಬರಂಗಿಲ್ರಿ." ಕೆಂಪು ನೂಲನ್ನೇ ಲಾಳಿಗೆ ಹಾಕುತ್ತೇವಲ್ಲ, ಯಾಕೆ ಬರುವುದಿಲ್ಲ ಅಂತ ನಾನು ಅವರ ಮಾತನ್ನು ತಳ್ಳಿಹಾಕಿದೆ.

ಬರಲಿಲ್ಲ. ಸಾದಾ ನೇಯ್ಗೆಯಲ್ಲಿ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ ಅರ್ಧ ಹಾಸು, ಅರ್ಧ ಹೊಕ್ಕು. ಕಡುನೀಲಿ ಹಾಸಿನ ಮೇಲೆ ಕೆಂಪು ಹೊಕ್ಕು ಹೊಡೆದಾಗ ಸೆರಗು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಬಿಳಿ ತೆನೆಗಳೂ ಕೊಳೆಯಾದಂತೆ ಕಂಡವು. ಮೊದಲ ಸೆರಗು ನೋಡಿದಾಗಲೇ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು, ಆದರೆ ಎರಡೂ ಮಗ್ಗದ ಮೇಲೆ ಹಾಸು ಏರಿಯಾಗಿತ್ತು. ಮುಗಿಸಿರಿ ಅಂದೆ. ಗಿರಾಕಿ 24 ಸೀರೆಯನ್ನೂ ವಾಪಸ್ ಕಳಿಸಿದರು. ಒಂದಕ್ಕೆ 1,800 ರೂಪಾಯಿ ಬಿದ್ದಿತ್ತು, ಎರಡು ದೀಪಾವಳಿ ಕಳೆದ ಮೇಲೆ 1,100ಕ್ಕೆ ಮಾರಿ ಕೈ ತೊಳೆದುಕೊಂಡೆ. 16,800 ರೂಪಾಯಿ ಹೋಯಿತು.

ಕೊಂಡಿಯನ್ನು ಅಷ್ಟು ಕಷ್ಟಪಟ್ಟು ಯಾಕೆ ಹಾಕುತ್ತಾರೆ ಅಂತ ನನಗೆ ಅರ್ಥವಾದದ್ದು ಆ ದಿನ. ಹಾಸೂ ಕೆಂಪು, ಹೊಕ್ಕೂ ಕೆಂಪು ಆದರೆ ಮಾತ್ರ ಸೆರಗು ಉರಿಯುವ ಕೆಂಪಾಗುತ್ತದೆ. ಒಡಲು ಯಾವ ಬಣ್ಣದ್ದೇ ಇರಲಿ, ಆ ಕೆಂಪಿಗೆ ಅದರ ಸೋಂಕು ತಗಲುವುದಿಲ್ಲ. ದಡಿ ಸೆರಗಿನ ಬಣ್ಣದ್ದೇ ಇರುವುದೂ ಇದಕ್ಕೇ. ದಡಿಯ ಹಾಸು ಸೆರಗಿನ ಪಕ್ಕದಲ್ಲೂ ಓಡುತ್ತದೆ, ಬಣ್ಣ ಬೇರೆಯಾದರೆ ಸೆರಗಿನ ಎರಡೂ ಅಂಚಿಗೆ ಬೇರೆ ಪಟ್ಟಿ ಹಚ್ಚಿದಂತೆ ಕಾಣುತ್ತದೆ. ಇದನ್ನೆಲ್ಲ ಯಾರೋ ಒಬ್ಬರು ಯೋಚಿಸಿ ಗೊತ್ತುಮಾಡಿದ್ದಾರೆ ತಮ್ಮಾ. ಅವರ ಹೆಸರು ನಮಗೆ ಗೊತ್ತಿಲ್ಲ, ಅವರು ಮಾಡಿದ್ದು ಡಿಸೈನ್.

ಅದಾದ ಮೇಲೆ ಒಂದು ಮಳೆಗಾಲ ಡಿಸೈನ್ ಕಾಲೇಜಿನ ಒಬ್ಬ ಹುಡುಗಿ ಇಲ್ಲಿಯ ನೇಯ್ಗೆಯನ್ನು ದಾಖಲೆ ಮಾಡಲು ಬಂದಳು. ಆ ಬದನೆಕಾಯಿ ಸೀರೆ ತೋರಿಸಿದೆ. ಅವಳು ನಗಲಿಲ್ಲ. ನೇಕಾರರ ಹತ್ತಿರ ಆರು ಬಣ್ಣದ ನೂಲು ಕೇಳಿ, ಹಾಸಿನಲ್ಲಿ ಎರಡೆರಡು ಇಂಚಿನ ಆರು ಪಟ್ಟಿ ಹೂಡಿಸಿದಳು. ಅದೇ ಆರು ಬಣ್ಣವನ್ನು ಹೊಕ್ಕಿನಲ್ಲೂ ಒಂದಾದ ಮೇಲೊಂದು ಎರಡೆರಡು ಇಂಚು ಹೊಡೆಸಿದಳು. ಕೈಯಗಲದ ಬಟ್ಟೆಯಲ್ಲಿ 36 ಚೌಕ ಬಂದವು. ಯಾವ ಹಾಸಿನ ಮೇಲೆ ಯಾವ ಹೊಕ್ಕು ಏನಾಗುತ್ತದೆ ಅಂತ ಒಂದೇ ನೋಟಕ್ಕೆ ಕಾಣುತ್ತಿತ್ತು. ನೀಲಿ ಹಾಸು, ಕೆಂಪು ಹೊಕ್ಕಿನ ಚೌಕದಲ್ಲಿ ನನ್ನ 16,800 ರೂಪಾಯಿ ಕೂತಿತ್ತು. ಒಂದು ಅಡಿ ಬಟ್ಟೆ ಮೊದಲೇ ನೇಯಿಸಿದ್ದರೆ ಸಾಕಿತ್ತು.

ಅವಳಿಗೂ ಗೊತ್ತಿಲ್ಲದ್ದು ಇತ್ತು. ಸೆರಗಿಗೆ ಬಳ್ಳಿಯಂತೆ ಬಳುಕುವ ಗೆರೆ ಬರೆದು ತಂದಿದ್ದಳು. ಎಳೆಗಳು ಅಡ್ಡ ಉದ್ದ ಹಾಯುವ ಮಗ್ಗದಲ್ಲಿ ಬಾಗಿದ ಗೆರೆ ಮೆಟ್ಟಿಲು ಮೆಟ್ಟಿಲಾಗಿಯೇ ಬರುತ್ತದೆ, ನೂಲು ದಪ್ಪವಿದ್ದಷ್ಟೂ ಮೆಟ್ಟಿಲು ದೊಡ್ಡದು. ನಮ್ಮ ಸೆರಗಿನ ಚಿತ್ರಗಳು ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ ಯಾಕಾದವು ಅಂತ ನೇಕಾರರು ಅವಳಿಗೆ ಮಗ್ಗದ ಮೇಲೆಯೇ ತೋರಿಸಿದರು. ಅವಳು ಆ ಚಿತ್ರ ಹರಿದು ಹೊಸದು ಬರೆದಳು. ಆ 36 ಚೌಕದ ತುಂಡು ಇವತ್ತಿಗೂ ನೇಕಾರರ ಮನೆಯ ಗೋಡೆಗೆ ಇದೆ. ಹೊಸ ಬಣ್ಣದ ಆರ್ಡರ್ ಬಂದರೆ ಮೊದಲು ಅಲ್ಲಿಗೆ ಹೋಗಿ ನೋಡಿ ಬರುತ್ತೇನೆ.

ನಿನ್ನ ಪ್ರಶ್ನೆಗೆ ಈಗ ಬರುತ್ತೇನೆ. ಡಿಸೈನ್ ಓದು, ಆದರೆ ಜವಳಿ ವಿನ್ಯಾಸವನ್ನೇ ಓದುವ ಮನಸ್ಸಿದ್ದರೆ ಮಾತ್ರ ಅಂಗಡಿಯ ಹೆಸರು ಹೇಳು. ಅನಿಮೇಷನ್ ಅಥವಾ ಮೊಬೈಲಿನ ಪರದೆಯ ಕೆಲಸ ನಿನಗಿಷ್ಟವಾದರೆ ಅದೂ ಒಳ್ಳೆಯ ಓದೇ, ಆದರೆ ಅದನ್ನು ಅಂಗಡಿಗಾಗಿ ಓದುತ್ತೇನೆ ಅಂತ ನಿಮ್ಮ ಅಪ್ಪನ ಮುಂದೆ ಹೇಳಬೇಡ. ಅವನು ನಂಬುತ್ತಾನೆ, ನಾಲ್ಕು ವರ್ಷ ಕಾಯುತ್ತಾನೆ, ಆಮೇಲೆ ಇಬ್ಬರಿಗೂ ನೋವಾಗುತ್ತದೆ.

ನೀನು ಬರೆದ ಅಹಮದಾಬಾದಿನ ಎನ್‌ಐಡಿ ಬಗ್ಗೆ ನಾನೂ ವಿಚಾರಿಸಿದೆ. ಅದು 1961ರಲ್ಲಿ ಶುರುವಾಯಿತು. ಅದಕ್ಕೂ ಮೊದಲು, 1958ರಲ್ಲಿ, ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ ಸರಕಾರಕ್ಕೊಂದು ವರದಿ ಕೊಟ್ಟಿದ್ದರು. ಅದರಲ್ಲಿ ಅವರು ಮೆಚ್ಚಿ ಬರೆದದ್ದು ನಮ್ಮ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ಎಷ್ಟು ಭಾರ, ತಲೆಯ ಮೇಲೋ ಸೊಂಟದ ಮೇಲೋ, ಬಗ್ಗಿಸಿದರೆ ಹೇಗೆ ಸುರಿಯುತ್ತದೆ ಅಂತ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗಿದ್ದಾರೆ. ಕೊಂಡಿಗೂ ಇದೇ ಪ್ರಶ್ನೆ ಕೇಳಬೇಕಿತ್ತು, ನಾನು ದರದ ಪ್ರಶ್ನೆ ಒಂದೇ ಕೇಳಿದೆ.

ಅಲ್ಲಿ ಪದವಿ ನಾಲ್ಕು ವರ್ಷ. ಮೊದಲ ವರ್ಷ ಎಲ್ಲರಿಗೂ ಬುನಾದಿಯ ಪಾಠ, ಆಮೇಲೆ ವಿಷಯ. ಪ್ರವೇಶಕ್ಕೆ ಎರಡು ಹಂತದ ಪರೀಕ್ಷೆ, ಎರಡನೆಯದರಲ್ಲಿ ಕೈಯಿಂದ ಏನಾದರೂ ಮಾಡಿ ತೋರಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ನಿಫ್ಟ್ ಇದೆ, ಊರಿಗೆ ಹತ್ತಿರ. ಖರ್ಚು ಎರಡೂ ಕಡೆ ಲಕ್ಷಗಳಲ್ಲಿ. ಅಂಗಡಿಯಿಂದ ಅರ್ಧ ಕೊಡಬಹುದು, ಉಳಿದದ್ದಕ್ಕೆ ಬ್ಯಾಂಕಿನ ಸಾಲವೇ ಗತಿ. ಲೆಕ್ಕವನ್ನು ನಿನ್ನ ಮುಂದೆ ಬಿಚ್ಚಿ ಇಡುತ್ತೇನೆ, ಮುಚ್ಚಿಟ್ಟು ನಿನ್ನನ್ನು ಕಳಿಸುವುದಿಲ್ಲ.

ಪರೀಕ್ಷೆಗಳು ಬರುವುದು ಚಳಿಗಾಲಕ್ಕೆ. ಅದಕ್ಕೆ ಮೊದಲು ಪಂಚಮಿಯಿಂದ ದೀಪಾವಳಿಯವರೆಗೆ ಅಂಗಡಿಯಲ್ಲಿ ಕೂಡು. ಗಲ್ಲಾದ ಹತ್ತಿರ ಬೇಡ, ಗಾದಿಯ ಮೇಲೆ, ಸೀರೆ ಬಿಚ್ಚುವ ಕಡೆ. ಒಂದು ನೋಟ್‌ಬುಕ್ ಇಡು. ಮಾರಿದ ಸೀರೆ ಬರೆಯಬೇಡ, ಅದಕ್ಕೆ ಬಿಲ್ ಪುಸ್ತಕ ಇದೆ. ಗಿರಾಕಿ ಬಿಚ್ಚಿ ನೋಡಿ ಬೇಡವೆಂದು ಸರಿಸಿದ ಸೀರೆ ಬರೆ: ಒಡಲು, ದಡಿ, ಸೆರಗು, ಮುಟ್ಟಿದ ಜಾಗ, ಬೇಡ ಅನ್ನುವಾಗ ಆಡಿದ ಮಾತು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಕೇಳುವುದೇ ಬೇರೆ, ಲಗ್ನದ ಜವಳಿಗೆ ಬರುವ ಹಿರಿಯರು ಕೇಳುವುದೇ ಬೇರೆ. ಗಿರಿಕುಂಕುಮ ಕೇಳುವವರಿಗೆ ಇನ್ನೊಂದು ಕೆಂಪು ತೋರಿಸಿದರೆ ಎದ್ದೇ ಹೋಗುತ್ತಾರೆ.

ಇನ್ನೊಂದು ಕೆಲಸ ಕಲಿ. ರೇಷ್ಮೆ ಅಂತ ಬಂದ ನೂಲಿನ ನಾಲ್ಕು ಎಳೆ ಕಿತ್ತು ಸುಟ್ಟು ನೋಡು. ರೇಷ್ಮೆಯಾದರೆ ಸುಟ್ಟ ಕೂದಲಿನ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪವರ್‌ಲೂಮಿನ ಸೀರೆ ನಮ್ಮ ಅಂಗಡಿಯಲ್ಲೂ ಇದೆ, ಅದು ಮಾರಿದ ದುಡ್ಡಿನಲ್ಲೇ ತಿಂಗಳ ಸಂಬಳ ನಡೆಯುತ್ತದೆ. ಆದರೆ ಯಾವುದು ಯಾವುದೆಂದು ಗಿರಾಕಿಗೆ ಹೇಳಿಯೇ ಕೊಡುತ್ತೇವೆ, ನೀನೂ ಹಾಗೇ ಹೇಳಬೇಕು.

ಒಂದು ಮಾತು ನಿನ್ನದಲ್ಲ, ಆದರೂ ನಿನಗೇ ಹೇಳಬೇಕು. ನೇಕಾರರ ಮಗ ನಿನ್ನ ವಯಸ್ಸಿನವನೇ. ಕಛ್‌ನ ಆದಿಪುರದಲ್ಲಿ ಸೋಮೈಯಾ ಕಲಾ ವಿದ್ಯಾ ಅಂತ ಇದೆ, ಮಗ್ಗದ ಮನೆಯವರಿಗೇ ಡಿಸೈನ್ ಕಲಿಸುತ್ತದೆ. ವರ್ಷದಲ್ಲಿ ಆಗಾಗ ಎರಡೆರಡು ವಾರದ ಪಾಠ, ನಡುವೆ ಮನೆಗೆ ಬಂದು ತಮ್ಮ ಮಗ್ಗದಲ್ಲೇ ಅಭ್ಯಾಸ. ಅಲ್ಲಿಯ ನೇಕಾರರು ನಮ್ಮ ಬಾಗಲಕೋಟೆ ಜಿಲ್ಲೆಯ ನೇಕಾರರ ಜೊತೆಗೂ ಕೆಲಸ ಮಾಡಿದ್ದಾರೆ. ನೀನು ಕಾಲೇಜಿಗೆ ಹೋಗುವ ವರ್ಷವೇ ಅವನಿಗೂ ಅಂಥದ್ದೊಂದು ಅವಕಾಶ ಸಿಗಬೇಕು. ನೀನು ಚಿತ್ರ ಬರೆದು, ಅವನು ಬರೀ ನೇಯುವುದಾದರೆ ನಾಳೆ ನೀನೂ ನನ್ನಂತೆಯೇ ಅವರ ಮಾತು ತಳ್ಳಿಹಾಕುತ್ತೀಯ. ನಿಮ್ಮ ಅಪ್ಪನ ಹತ್ತಿರ ಎರಡೂ ಖರ್ಚಿನ ಮಾತು ನಾನೇ ಎತ್ತುತ್ತೇನೆ.

ಈ ಪತ್ರದ ಜೊತೆ ಪಾರ್ಸೆಲ್‌ನಲ್ಲಿ ಒಂದು ಸೀರೆ ಕಳಿಸಿದ್ದೇನೆ. 24ರಲ್ಲಿ ಮಾರದೆ ಇಟ್ಟುಕೊಂಡದ್ದು ಇದೊಂದೇ, ಇದರ 1,100 ನಾನೇ ಗಲ್ಲಾಕ್ಕೆ ಹಾಕಿದ್ದೆ. ಹಾಸ್ಟೆಲಿನ ಟ್ಯೂಬ್‌ಲೈಟಿನಲ್ಲಿ ಬಿಚ್ಚಬೇಡ, ಬೆಳಗಿನ ಬಿಸಿಲಲ್ಲಿ ಬಿಚ್ಚು. ಸೆರಗನ್ನು ಸ್ವಲ್ಪ ವಾಲಿಸಿ ನೋಡು, ಒಂದು ಕಡೆಯಿಂದ ಕೆಂಪು, ಇನ್ನೊಂದು ಕಡೆಯಿಂದ ನೀಲಿ ಕಾಣುತ್ತದೆ. ಪಂಚಮಿಗೆ ಬರುವಾಗ ವಾಪಸ್ ತಾ. ನೇಕಾರರು ಅದನ್ನು 36 ಚೌಕದ ತುಂಡಿನ ಪಕ್ಕ ನೇತುಹಾಕಬೇಕು ಅಂತ ಕೇಳಿದ್ದಾರೆ.

ನಿನ್ನ ಕಾಕಾ