ನಾನಂದಿದ್ದು ಮೂರು, ಅವನಿಗೆ ಕೇಳಿಸಿದ್ದು ಮರ

ಎರಡು ವರ್ಷದ ಹಿಂದಿನ ಮಾತು. ರಾತ್ರಿ ಒಂಬತ್ತಕ್ಕೆ ಇಂಗ್ಲೆಂಡಿನ ಕ್ಲೈಂಟ್ ಜೊತೆ ಕಾಲ್ ಇತ್ತು. ಸಿಸ್ಟಮ್‌ಗೆ ಇನ್ನೂ ಮೂರು ನೋಡ್ ಸೇರಿಸಬೇಕು ಅನ್ನೋದಕ್ಕೆ ‘ತ್ರೀ ನೋಡ್ಸ್’ ಅಂದೆ. ಆ ಕಡೆಯ ಎಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾವ ಟ್ರೀ?’ ಅಂತ ಕೇಳಿದ. ನಮ್ಮ ಕೆಲಸದಲ್ಲಿ ‘ಟ್ರೀ ನೋಡ್’ ಅನ್ನೋದೂ ಇದೆ ನೋಡಿ, ಹಾಗಾಗಿ ಹತ್ತು ನಿಮಿಷ ಇಬ್ಬರೂ ಬೇರೆ ಬೇರೆ ವಿಷಯ ಮಾತಾಡಿದೆವು. ಕೊನೆಗೆ ಚಾಟ್‌ನಲ್ಲಿ 3 ಅಂತ ಟೈಪ್ ಮಾಡಿದೆ.

ನನಗೆ ಸಿಟ್ಟು ಬಂದಿತ್ತು. ನಾನು ‘ಟ್ರೀ’ ಅಂದೇ ಇರಲಿಲ್ಲ! ತ ಬೇರೆ, ಟ ಬೇರೆ ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು.

ಗೊತ್ತಿರೋದು ನಮಗೆ, ಅವರಿಗಲ್ಲ. ಅಲ್ಲೇ ಇದೆ ತೊಂದರೆ. ತ ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಉಸಿರನ್ನು ಪೂರ್ತಿ ತಡೆದು ಬಿಡುತ್ತದೆ. ಟ ಅನ್ನುವಾಗ ತಡೆಯುವ ಜಾಗ ಇನ್ನೂ ಮೇಲಕ್ಕೆ, ಹಿಂದಕ್ಕೆ. ಇಂಗ್ಲಿಷಿನ ‘ಟಿ’ ಇವೆರಡರ ನಡುವೆ, ಹಲ್ಲಿನ ಹಿಂದಿನ ವಸಡಿನ ಮೇಲೆ ಹುಟ್ಟುತ್ತದೆ. ಅವರ ಭಾಷೆಯಲ್ಲಿ ಆ ಭಾಗದಲ್ಲಿ ಉಸಿರು ತಡೆದು ಬಿಡುವ ಸದ್ದು ಅದೊಂದೇ. ಹಾಗಾಗಿ ನಮ್ಮ ತ, ಟ ಎರಡನ್ನೂ ಅವರ ಕಿವಿ ‘ಟಿ’ ಖಾನೆಗೇ ಹಾಕುತ್ತದೆ. ‘ಟಿಎಚ್’ ಅಂದರೆ ಅವರಿಗೆ ಉಸಿರು ನಿಲ್ಲದೆ ಸೋರುವ ಸದ್ದು.

‘ಅದಕ್ಕೇ ಥ ಇದೆಯಲ್ಲ’ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಥದಲ್ಲೂ ಉಸಿರು ಮೊದಲು ನಿಲ್ಲುತ್ತದೆ, ಆಮೇಲೆ ಬುಸ್ಸನೆ ಬರುತ್ತದೆ. ಪದದ ಮೊದಲಲ್ಲಿ ಬರುವ ಇಂಗ್ಲಿಷ್ ‘ಟಿ’ಗೂ ಅಂಥದ್ದೇ ಗಾಳಿ ಇರುತ್ತದೆ. ಒತ್ತಿ ‘ಥ್ಯಾಂಕ್’ ಅಂದಷ್ಟೂ ‘ಟ್ಯಾಂಕ್’ ಆಗುವ ಅಪಾಯವೇ ಹೆಚ್ಚು! ದ ಕಥೆಯೂ ಇಷ್ಟೇ. ‘ದೇ’ (ಅವರು) ಅಂದರೆ ‘ಡೇ’ (ದಿನ) ಅಂತ ಕೇಳಿಸಬಹುದು. ಲತಾ, ಗೀತಾ, ಸವಿತಾ ಅನ್ನೋ ಹೆಸರುಗಳನ್ನು ನಾವು ಇಂಗ್ಲಿಷಿನಲ್ಲಿ ‘ಟಿಎಚ್’ ಹಾಕಿಯೇ ಬರೀತೀವಿ. ಆ ಎರಡು ಅಕ್ಷರ ಕಂಡರೆ ನಮಗೆ ತ ಬರೋದು ಸಹಜ.

ಸರಿ, ತಿದ್ದಿಕೊಳ್ಳೋದು ಹೇಗೆ? ದಿನಕ್ಕೆ ಐದು ನಿಮಿಷ, ಕನ್ನಡಿ ಮುಂದೆ ನಿಂತುಕೊಳ್ಳಿ.

ಮೊದಲು ‘ಸ್‌ಸ್‌ಸ್’ ಅಂತ ಎಳೆಯಿರಿ. ಉಸಿರು ನಿಲ್ಲಿಸದೆ ನಾಲಿಗೆಯ ತುದಿಯನ್ನು ನಿಧಾನವಾಗಿ ಮುಂದೆ ತಂದು, ಮೇಲಿನ ಹಲ್ಲಿನ ಅಂಚಿಗೆ ಸುಮ್ಮನೆ ತಾಗಿಸಿ. ಸೀಟಿಯಂಥ ಸದ್ದು ಹೋಗಿ ಮೆತ್ತಗಿನ ಗಾಳಿಯ ಸದ್ದಾಗುತ್ತದೆ. ಅದೇ ನಮಗೆ ಬೇಕಾದದ್ದು. ಕನ್ನಡಿಯಲ್ಲಿ ನಾಲಿಗೆಯ ತುದಿ ಚೂರು ಕಾಣಬೇಕು. ಮೂರು ಸೆಕೆಂಡ್ ಎಳೆಯಲು ಬಂದರೆ ಸರಿ. ಎಳೆಯಲು ಬರದೆ ಟಪ್ಪನೆ ನಿಂತರೆ ನೀವು ಒತ್ತಿದ್ದೀರಿ, ಅದು ಮತ್ತೆ ತ ಆಯಿತು. ಕೆಳತುಟಿ ಮೇಲಿನ ಹಲ್ಲಿಗೆ ತಾಗಿದರೆ ‘ಫ್ರೀ’ ಆಗಿಬಿಡುತ್ತದೆ, ಅದನ್ನೂ ಗಮನಿಸಿ.

ಎರಡನೆಯದು, ನಾಲಿಗೆ ಅಲ್ಲೇ ಇರಲಿ, ಗಂಟಲ ಮೇಲೆ ಬೆರಳಿಟ್ಟು ದನಿ ಸೇರಿಸಿ. ಬೆರಳಿಗೆ ನಡುಕ ಗೊತ್ತಾಗಬೇಕು, ನಾಲಿಗೆಯ ತುದಿ ಕಚಗುಳಿ ಇಟ್ಟಂತೆ ಅದುರಬೇಕು. ‘ದಿಸ್’, ‘ದೆನ್’, ‘ದೇ’ಗಳಿಗೆ ಇದು.

ಮೂರನೆಯದು, ಪದಗಳು. ‘ತ್ರೀ’ ಹೇಳುವಾಗ ಮೊದಲ ಸದ್ದನ್ನು ಎರಡು ಸೆಕೆಂಡ್ ಎಳೆದು, ಆಮೇಲೆ ‘ರೀ’ ಸೇರಿಸಿ. ಎಳೆಯೋದನ್ನು ದಿನದಿನಕ್ಕೆ ಕಮ್ಮಿ ಮಾಡಿ. ನಂತರ ಪದದ ಕೊನೆ: ‘ಬೋತ್’ (ಎರಡೂ) ಮತ್ತು ‘ಬೋಟ್’ (ದೋಣಿ), ‘ಟೆಂತ್’ (ಹತ್ತನೆಯದು) ಮತ್ತು ‘ಟೆಂಟ್’ (ಡೇರೆ). ಟಿಎಚ್ ಇರುವ ಪದ ಗಾಳಿಯಲ್ಲಿ ಕರಗಿದಂತೆ ಮುಗಿಯಬೇಕು, ಇನ್ನೊಂದು ಕಡಿದಂತೆ. ಜೋಡಿಗಳನ್ನು ಹಿಂದುಮುಂದು ಮಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಯಾವುದು ಯಾವುದೆಂದು ನಿಮಗೇ ಗೊತ್ತಾಗಬೇಕು, ಆದರೆ ತ–ಟ ವ್ಯತ್ಯಾಸದಿಂದಲ್ಲ, ಉಸಿರು ನಿಂತಿದೆಯೋ ಸೋರಿದೆಯೋ ಅನ್ನೋದರಿಂದ.

ಕಲಿತ ಹುರುಪಿನಲ್ಲಿ ಟಿಎಚ್ ಕಂಡಲ್ಲೆಲ್ಲ ಗಾಳಿ ಬಿಡಬೇಡಿ. ಥಾಮಸ್, ಥೇಮ್ಸ್, ಥಾಯ್ಲೆಂಡ್‌ಗಳಲ್ಲಿ ಇಂಗ್ಲಿಷರೂ ಬರೀ ‘ಟಿ’ ಅನ್ನೋದು.

ಎಲ್ಲ ಪದವನ್ನೂ ತಿದ್ದಲೇಬೇಕು ಅಂತಲೂ ಇಲ್ಲ. ಐರ್ಲೆಂಡಿನಲ್ಲಿ ಎಷ್ಟೋ ಜನ ನಮ್ಮ ತ, ದ ಥರವೇ ಹೇಳುತ್ತಾರೆ. ವಾಕ್ಯಕ್ಕೆ ನಾಲ್ಕು ಸಲ ಬರುವ ‘ದ’ ಹಾಗೇ ಇದ್ದರೂ ಯಾರಿಗೂ ಅರ್ಥ ಕೆಡೋದಿಲ್ಲ. ಕೆಡೋದು ಸಂಖ್ಯೆ, ತಾರೀಕು, ‘ಬೋತ್’ನಂಥ ಕಡೆ. ನಿಮ್ಮ ಕೆಲಸದಲ್ಲಿ ಅಂಥ ಹತ್ತು ಪದ ಯಾವುವು ಅಂತ ಬರೆದಿಟ್ಟುಕೊಂಡು ಅವನ್ನೇ ತಿದ್ದಿ. ನನ್ನ ಪಟ್ಟಿಯಲ್ಲಿ ಮೊದಲನೆಯದು ‘ತ್ರೀ’. ಅದು ಬಾಯಿಗೆ ಕೂರಲು ಮೂರು ವಾರ ಬೇಕಾಯಿತು. ಈಗಲೂ ಅವಸರದಲ್ಲಿ ಜಾರುತ್ತದೆ. ಜಾರಿದ್ದು ಗೊತ್ತಾದ ಕೂಡಲೇ ‘ಒನ್, ಟೂ, ತ್ರೀ’ ಅಂತ ಎಣಿಸಿ ಹೇಳಿಬಿಡ್ತೀನಿ. ಆಮೇಲೆ ಯಾರೂ ಮರದ ವಿಷಯ ಎತ್ತಿಲ್ಲ.