ಮೈನಸ್ ಅರವತ್ತೇಳರ ಗೆರೆ

ಮನೆಯಲ್ಲಿ ವೈಫೈ ಸರಿಯಾಗಿ ಬರುತ್ತಿಲ್ಲ ಎಂದರೆ ನಾವೆಲ್ಲ ಮೊದಲು ರೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ. ಅದಕ್ಕೂ ಜಗ್ಗದಿದ್ದರೆ ಇನ್ನೂ ದೊಡ್ಡ ಪ್ಲಾನ್ ಹಾಕಿಸುತ್ತೇವೆ. ಅದೂ ಸಾಲದಾದಾಗ ಆನ್‌ಲೈನಿನಲ್ಲಿ ಒಂದು ಎಕ್ಸ್‌ಟೆಂಡರ್ ತರಿಸುತ್ತೇವೆ. ಈ ಮೂರಕ್ಕೂ ಮುಂಚೆ ಮಾಡಬಹುದಾದ, ಕಾಸು ಖರ್ಚಿಲ್ಲದ ಕೆಲಸವೊಂದಿದೆ. ಯಾವ ಕೋಣೆಗೆ ಎಷ್ಟು ಸಿಗ್ನಲ್ ತಲುಪುತ್ತಿದೆ, ದಾರಿಯಲ್ಲಿ ಅದನ್ನು ಯಾವುದು ನುಂಗುತ್ತಿದೆ ಎಂದು ಅಳೆದು ನೋಡುವುದು. ಅಳೆಯುವ ಸಾಧನ ನಿಮ್ಮ ಜೇಬಿನಲ್ಲೇ ಇದೆ.

ಫೋನಿನ ಮೇಲಂಚಿನಲ್ಲಿ ಕಾಣುವ ವೈಫೈ ಗೆರೆಗಳು ಇದಕ್ಕೆ ಸಾಲವು. ಎಷ್ಟು ಸಿಗ್ನಲ್‌ಗೆ ಎಷ್ಟು ಗೆರೆ ತೋರಿಸಬೇಕು ಎಂಬ ಸಾಮಾನ್ಯ ನಿಯಮವೇ ಇಲ್ಲ. ಒಂದೇ ಜಾಗದಲ್ಲಿ ನಿಂತ ಎರಡು ಫೋನುಗಳಲ್ಲಿ ಒಂದು ಮೂರು ಗೆರೆ ತೋರಿಸಿದರೆ ಇನ್ನೊಂದು ಎರಡೇ ತೋರಿಸಬಹುದು. ನಮಗೆ ಬೇಕಾದದ್ದು ಅಂಕಿ. ಆಂಡ್ರಾಯ್ಡ್ ಫೋನಾದರೆ WiFi Analyzer ಎಂದು ಹುಡುಕಿದರೆ ಹಲವು ಆ್ಯಪ್‌ಗಳು ಸಿಗುತ್ತವೆ. ಜಾಹೀರಾತಿಲ್ಲದ, ಓಪನ್ ಸೋರ್ಸ್ ಎಂದು ಬರೆದಿರುವುದನ್ನು ಆರಿಸಿಕೊಳ್ಳಿ. ಅದು ಲೊಕೇಶನ್ ಅನುಮತಿ ಕೇಳುತ್ತದೆ. ಸುತ್ತಲಿನ ವೈಫೈ ಹೆಸರುಗಳಿಂದಲೇ ನೀವು ಎಲ್ಲಿದ್ದೀರಿ ಎಂದು ಊಹಿಸಬಹುದಾದ್ದರಿಂದ ಆಂಡ್ರಾಯ್ಡ್ ಈ ಶರತ್ತು ಹಾಕಿದೆ, ಗಾಬರಿ ಬೇಡ. ಐಫೋನಿನಲ್ಲಿ ಹೊರಗಿನ ಆ್ಯಪ್‌ಗಳಿಗೆ ಈ ಅಂಕಿ ಸಿಗದಂತೆ ಆಪಲ್ ತಡೆದಿದೆ. ಆದರೆ ಆಪಲ್‌ನದೇ AirPort Utility ಆ್ಯಪ್ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರಿನಡಿ Wi-Fi Scanner ಆನ್ ಮಾಡಿದರೆ ಅಂಕಿ ಕಾಣುತ್ತದೆ.

ಆ್ಯಪ್ ತೆರೆದೊಡನೆ ನಿಮ್ಮ ವೈಫೈ ಹೆಸರಿನ ಪಕ್ಕ `-58dBm` ಎಂಬಂಥ ಅಂಕಿ ಕಾಣುತ್ತದೆ. ಒಂದು ಮಿಲಿವ್ಯಾಟ್ ಶಕ್ತಿಯನ್ನು ಸೊನ್ನೆ ಎಂದಿಟ್ಟುಕೊಂಡ ಡೆಸಿಬೆಲ್ ಲೆಕ್ಕ ಇದು. ಫೋನಿಗೆ ತಲುಪುವ ಶಕ್ತಿ ಅದಕ್ಕಿಂತ ಬಹಳ ಕಡಿಮೆ ಇರುವುದರಿಂದ ಅಂಕಿ ಯಾವಾಗಲೂ ಮೈನಸ್‌ನಲ್ಲಿರುತ್ತದೆ. ಇದನ್ನು ಸಾಲದಂತೆ ಓದಿಕೊಳ್ಳಿ: ನಲವತ್ತರ ಸಾಲಕ್ಕಿಂತ ಎಪ್ಪತ್ತರ ಸಾಲ ಕೆಟ್ಟದ್ದು.

ಮನೆಯ ಲೆಕ್ಕಕ್ಕೆ ಎರಡು ಸೂತ್ರ ಸಾಕು. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತನೇ ಒಂದು ಭಾಗವಾಯಿತು. -60 ಎಂದರೆ ಒಂದು ಮಿಲಿವ್ಯಾಟ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು. -70 ಎಂದರೆ ಅದರ ಹತ್ತನೇ ಒಂದು. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ವ್ಯತ್ಯಾಸ ಗಾಳಿಯಲ್ಲಿ ಚಿಕ್ಕದಲ್ಲ.

-50ಕ್ಕಿಂತ ಮೇಲಿದ್ದರೆ ಚಿಂತೆಯೇ ಇಲ್ಲ. -60ರವರೆಗೂ ಎಲ್ಲ ಸಲೀಸು. ವಿಡಿಯೊ ಕಾಲ್, ವೈಫೈ ಮೂಲಕ ಮಾತು ತಡೆಯಿಲ್ಲದೆ ನಡೆಯಬೇಕಾದರೆ ನೆಟ್‌ವರ್ಕ್ ಕೆಲಸದವರು ಇಟ್ಟುಕೊಳ್ಳುವ ಗೆರೆ -67. -75ರ ಆಸುಪಾಸಿನಲ್ಲಿ ವಾಟ್ಸ್ಯಾಪ್ ಸಂದೇಶ ಹೋಗುತ್ತದೆ, ಮೀಟಿಂಗ್‌ನಲ್ಲಿ ಮುಖ ಮಾತ್ರ ಕಲ್ಲಾಗಿ ನಿಲ್ಲುತ್ತದೆ. -80 ದಾಟಿದರೆ ವೈಫೈ ಹೆಸರು ಕಾಣುತ್ತದೆ, ಕೆಲಸಕ್ಕೆ ಬರುವುದಿಲ್ಲ. ಗಾಳಿಯಲ್ಲಿ ಸದಾ ಇರುವ ಗದ್ದಲಕ್ಕೆ ಸಿಗ್ನಲ್ ಅಷ್ಟು ಹತ್ತಿರ ಬಂದಿರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಆ್ಯಪ್‌ನಲ್ಲಿ ಕಾಣಿಸುವುದೇ ಇಲ್ಲ. ಅಲ್ಲಿನ ಅಂಕಿ ರೂಟರ್‌ನಿಂದ ಫೋನಿಗೆ ಬರುವ ಸಿಗ್ನಲ್‌ನದು ಮಾತ್ರ. ಫೋನ್ ಸಾಮಾನ್ಯವಾಗಿ ರೂಟರ್‌ಗಿಂತ ಕಡಿಮೆ ಶಕ್ತಿಯಲ್ಲಿ ಪ್ರಸಾರ ಮಾಡುವುದರಿಂದ ದೂರದ ಕೋಣೆಯಲ್ಲಿ ರೂಟರ್ ಹೇಳಿದ್ದು ಫೋನಿಗೆ ಕೇಳಿಸಿದರೂ ಫೋನ್ ಹೇಳಿದ್ದು ರೂಟರ್‌ಗೆ ಕೇಳಿಸದೆ ಹೋಗಬಹುದು.

ನಕ್ಷೆ ಮಾಡಲು ಒಂದು ಹಾಳೆ, ಪೆನ್ನು ಸಾಕು. ಮನೆಯ ಪ್ಲಾನನ್ನು ಒರಟಾಗಿ ಬರೆದುಕೊಂಡು ಪ್ರತಿ ಕೋಣೆಯ ಬಾಗಿಲು, ನಡುಭಾಗ ಮತ್ತು ನೀವು ನಿಜವಾಗಿ ಕೂತು ಕೆಲಸ ಮಾಡುವ ಜಾಗ ಗುರುತು ಹಾಕಿ. ಬಾಗಿಲುಗಳು ದಿನನಿತ್ಯ ಹೇಗಿರುತ್ತವೋ ಹಾಗೇ ಇರಲಿ. ಫೋನನ್ನು ಎದೆಯೆತ್ತರಕ್ಕೆ ಹಿಡಿದು ಪ್ರತಿ ಗುರುತಿನಲ್ಲೂ ಒಂದು ನಿಮಿಷ ನಿಲ್ಲಿ. ಆತುರ ಮಾಡಿದವರು ಕೆಡುವುದು ಇಲ್ಲೇ. ಆಂಡ್ರಾಯ್ಡ್ 9ರಿಂದ ಈಚೆಗೆ ಒಂದು ಆ್ಯಪ್ ಎರಡು ನಿಮಿಷಕ್ಕೆ ನಾಲ್ಕೇ ಬಾರಿ ಹೊಸದಾಗಿ ಹುಡುಕಬಹುದು. ನಡೆಯುತ್ತಲೇ ಅಂಕಿ ಬರೆದುಕೊಂಡರೆ ಅಡುಗೆಮನೆಯ ಲೆಕ್ಕದಲ್ಲಿ ಹಾಲ್‌ನ ಅಂಕಿ ಕೂತಿರುತ್ತದೆ. ಅರ್ಧ ನಿಮಿಷದ ನಂತರ ರೂಟರ್‌ಗೆ ಬೆನ್ನು ತಿರುಗಿಸಿ ಇನ್ನೊಮ್ಮೆ ನೋಡಿ. ನೀರು ತುಂಬಿದ ನಮ್ಮ ದೇಹವೂ ನಾಲ್ಕಾರು ಡೆಸಿಬೆಲ್ ಕುಡಿಯುತ್ತದೆ. ಎರಡರ ನಡುವಿನ ಅಂಕಿ ಬರೆದುಕೊಳ್ಳಿ.

ಇಂದಿನ ಬಹುಪಾಲು ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ಪ್ರಸಾರ ಮಾಡುತ್ತವೆ. ಮೊದಲನೆಯದು ನಿಧಾನ, ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ. ಎರಡನೆಯದು ವೇಗ, ಗೋಡೆಯೆದುರು ಬೇಗ ಸೋಲುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೂ ಆ್ಯಪ್‌ನಲ್ಲಿ ಬೇರೆ ಬೇರೆ ಸಾಲುಗಳಿರುತ್ತವೆ. 24ರಿಂದ ಶುರುವಾಗುವ ಆವರ್ತನದ ಅಂಕಿ ಮೊದಲನೆಯದರದು, 5ರಿಂದ ಶುರುವಾಗುವುದು ಎರಡನೆಯದರದು. ಎರಡನ್ನೂ ಬರೆದುಕೊಳ್ಳದೆ ಕಲಸಿಬಿಟ್ಟರೆ ನಕ್ಷೆ ಸುಳ್ಳಾಗುತ್ತದೆ.

ಮೈಸೂರಿನಲ್ಲಿರುವ ನನ್ನ ಅಕ್ಕನ ಮನೆಯ ನಕ್ಷೆ ನೋಡಿ. ಮೂವತ್ತು ನಲವತ್ತರ ಸೈಟು, ಪಶ್ಚಿಮಕ್ಕೆ ಮುಖ, ಕೆಳಗೆ ಮೇಲೆ ಎರಡು ಅಂತಸ್ತು. ಫೈಬರ್ ಬಂದಿರುವುದು ಹಾಲ್‌ನ ಮುಂದಿನ ಮೂಲೆಗೆ. ಕಂಪನಿಯವರು ಕೊಟ್ಟ ಡಬ್ಬಿ ಟಿವಿ ಹಿಂದೆ, ಮೊಣಕಾಲೆತ್ತರದಲ್ಲಿ ಅಡಗಿ ಕೂತಿತ್ತು. "ಇನ್ನೂರು ಎಂಬಿಪಿಎಸ್‌ಗೆ ದುಡ್ಡು ಕಟ್ತೀನಿ ಕಣಯ್ಯ, ಮೇಲೆ ಹೋದ್ರೆ ಒಂದು ಮೀಟಿಂಗ್ ಆಗಲ್ಲ" ಎಂಬುದು ಭಾವನ ದೂರು.

ಅಳೆದಾಗ ಹಾಲ್‌ನಲ್ಲಿ 2.4ರಲ್ಲಿ -40, 5ರಲ್ಲಿ -44 ಇತ್ತು. ಊಟದ ಮೇಜಿನ ಬಳಿ -51 ಮತ್ತು -57. ಹಿಂದಿನ ಬೆಡ್‌ರೂಮಿನ ಮಂಚದ ಬಳಿ -68 ಮತ್ತು -82. ಮಹಡಿಯ ಹಿಂಬದಿಯಲ್ಲಿರುವ ಭಾವನ ಆಫೀಸ್ ಕೋಣೆಯಲ್ಲಿ -76. ಅಲ್ಲಿ 5ರ ಸಾಲು ಕಾಣಲೇ ಇಲ್ಲ.

ಬರೀ ಅಂಕಿಗಳಿಗಿಂತ ಅವುಗಳ ಕಳೆಯುವ ಲೆಕ್ಕ ಹೆಚ್ಚು ಹೇಳುತ್ತದೆ. ಊಟದ ಮೇಜಿಗೂ ಮಂಚಕ್ಕೂ ನಡುವೆ ಇರುವುದು ಒಂದೇ ಇಟ್ಟಿಗೆ ಗೋಡೆ, ಇಳಿದದ್ದು ಮಾತ್ರ 17 ಮತ್ತು 25 ಡೆಸಿಬೆಲ್. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಇಳಿಯುವುದು 6. ಅದನ್ನೂ ಗೋಡೆಯ ಪಾಲನ್ನೂ ಕಳೆದರೂ ಲೆಕ್ಕ ಹೊಂದಲಿಲ್ಲ. ಅದೇ ಕೋಣೆಯಲ್ಲಿ ಬಾಗಿಲಿನ ನೇರಕ್ಕೆ ಸರಿದು ನಿಂತಾಗ -60 ಮತ್ತು -71 ಬಂತು. ಅಂದರೆ ಮಂಚದ ಕಡೆಗೆ ಮಾತ್ರ ಏನೋ ಅಡ್ಡ ಇದೆ. ಇದ್ದದ್ದು ಪಶ್ಚಿಮದ ಗೋಡೆಗೆ ಆನಿಸಿ ನಿಲ್ಲಿಸಿದ್ದ ಆರೂವರೆ ಅಡಿಯ ಸ್ಟೀಲ್ ಬೀರು. ಕಬ್ಬಿಣದ ತಗಡು ಸಿಗ್ನಲನ್ನು ದಾಟಗೊಡುವುದಿಲ್ಲ. ಫ್ರಿಜ್ಜು, ದೊಡ್ಡ ಕನ್ನಡಿಯ ಹಿಂದಿನ ಲೋಹದ ಲೇಪ, ಟಿವಿಯ ಹಿಂಬದಿಯ ತಗಡು ಎಲ್ಲವೂ ಇದೇ ಜಾತಿ. "ಬೀರು ನೈಋತ್ಯ ಬಿಟ್ಟು ಅಲ್ಲಾಡೋ ಹಾಗಿಲ್ಲ" ಎಂದು ಅಕ್ಕ ಹೇಳಿಬಿಟ್ಟಳು. ಹಾಗಾಗಿ ಅಲ್ಲಾಡಬೇಕಾದದ್ದು ರೂಟರ್.

ಫೈಬರ್ ಎಳೆಯನ್ನು ನಾವೇ ಎಳೆದಾಡಬಾರದು, ಬಗ್ಗಿದರೆ ಕೆಡುತ್ತದೆ. ಕಂಪನಿಯ ಡಬ್ಬಿಯನ್ನು ಅಲ್ಲೇ ಬಿಟ್ಟು, ಅದರಿಂದ ಗೋಡೆಯಂಚಿನಲ್ಲಿ ಒಂದು ಕ್ಯಾಟ್ 6 ಲ್ಯಾನ್ ವೈರ್ ಎಳೆಸಿ, ಮೆಟ್ಟಿಲ ತಿರುವಿನ ಗೋಡೆಯ ಮೇಲೆ ತಲೆಗಿಂತ ಎತ್ತರಕ್ಕೆ ಒಂದು ಸಾಧಾರಣ ಡ್ಯುಯಲ್ ಬ್ಯಾಂಡ್ ರೂಟರ್ ಕೂರಿಸಿದೆವು. ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಹಳೆಯ ಡಬ್ಬಿಯ ವೈಫೈ ಆಫ್ ಮಾಡಿದ್ದಾಯಿತು. ಆಫ್ ಮಾಡದಿದ್ದರೆ ಫೋನುಗಳು ಹಳೆಯದನ್ನೇ ಹಿಡಿದು ಜೋತುಬೀಳುತ್ತವೆ. ನೆಟ್ಟಗೆ ನಿಂತ ಆಂಟೆನಾ ಸಿಗ್ನಲನ್ನು ಸುತ್ತಲೂ ಅಡ್ಡಡ್ಡ ಹರಡುತ್ತದೆ, ನೇರ ಮೇಲಕ್ಕೆ ಕಡಿಮೆ. ಮಹಡಿಗಾಗಿ ಎರಡರಲ್ಲಿ ಒಂದನ್ನು ಅಡ್ಡ ಮಲಗಿಸಿದೆವು.

ಮತ್ತೆ ಅದೇ ಗುರುತುಗಳಲ್ಲಿ ಅಳೆದಾಗ ಮಂಚದ ಬಳಿ -58 ಮತ್ತು -66, ಆಫೀಸ್ ಕೋಣೆಯಲ್ಲಿ -61 ಮತ್ತು -70. ಹಾಲ್‌ನಲ್ಲಿ -40 ಇದ್ದದ್ದು -47ಕ್ಕೆ ಇಳಿಯಿತು, ಟಿವಿ ನೋಡುವವರ ಅರಿವಿಗೇ ಬರಲಿಲ್ಲ. ಮೇಲಿನ ಕೋಣೆಯ 5ರ ಅಂಕಿ ಇನ್ನೂ ಗೆರೆಯ ಕೆಳಗೇ ಇತ್ತು. ನಡುವಿನ ಸ್ಲ್ಯಾಬ್‌ನ ಕಾಂಕ್ರೀಟು ಮತ್ತು ಕಂಬಿ ಬಿಡುವುದೇ ಅಷ್ಟು. ಮೇಜನ್ನು ಬಾಗಿಲ ಕಡೆಗೆ ಸರಿಸಿದಾಗ -66 ಸಿಕ್ಕಿತು, ಭಾವನ ಮೀಟಿಂಗ್ ನಡೆಯಿತು.

ವೈರ್ ಎಳೆಯಲು ದಾರಿಯೇ ಇಲ್ಲದ ಮನೆಯಲ್ಲಿ ಮಾತ್ರ ಎಕ್ಸ್‌ಟೆಂಡರ್ ಕೊಳ್ಳಿ. ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಟ್ಟರೆ ದಂಡ, ಸತ್ತದ್ದನ್ನೇ ಅದು ಮುಂದಕ್ಕೆ ಕಳಿಸುತ್ತದೆ. ನಕ್ಷೆಯಲ್ಲಿ -60ರಿಂದ -65 ಇರುವ, ರೂಟರ್‌ಗೂ ಆ ಕೋಣೆಗೂ ನಡುವಿನ ಜಾಗದಲ್ಲಿ ಇಡಿ. ಒಂದೇ ಬ್ಯಾಂಡಿನಲ್ಲಿ ಪಡೆದು ಅದರಲ್ಲೇ ಕಳಿಸುವ ಅಗ್ಗದ ಎಕ್ಸ್‌ಟೆಂಡರ್‌ನಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದೂ ಗೊತ್ತಿರಲಿ.

ಅಪಾರ್ಟ್‌ಮೆಂಟ್‌ನವರಿಗೆ ಇನ್ನೊಂದು ಮಾತು. -50 ಇದ್ದೂ 2.4 ತೆವಳುತ್ತಿದ್ದರೆ ಆ್ಯಪ್‌ನ ಚಾನೆಲ್ ಗ್ರಾಫ್ ನೋಡಿ. ನೆರೆಹೊರೆಯವರೆಲ್ಲ ನಿಮ್ಮ ಚಾನೆಲ್‌ನಲ್ಲೇ ತುಂಬಿರಬಹುದು. ಒಂದರ ಮೇಲೊಂದು ಬೀಳದ 1, 6, 11ರಲ್ಲಿ ಕಡಿಮೆ ಗದ್ದಲದ್ದನ್ನು ರೂಟರ್ ಸೆಟ್ಟಿಂಗ್‌ನಲ್ಲಿ ಆರಿಸಿ.

ಅಂಕಿಯೂ ಚೆನ್ನಾಗಿದೆ, ಚಾನೆಲ್ಲೂ ಖಾಲಿ, ಆದರೂ ನಿಧಾನ ಎಂದರೆ ಲ್ಯಾಪ್‌ಟಾಪನ್ನು ಲ್ಯಾನ್ ವೈರ್‌ನಿಂದ ನೇರ ಡಬ್ಬಿಗೆ ಸಿಕ್ಕಿಸಿ ವೇಗ ಪರೀಕ್ಷಿಸಿ. ಅಲ್ಲೂ ನಿಧಾನವಾದರೆ ತೊಂದರೆ ನಿಮ್ಮ ವೈಫೈಯದಲ್ಲ, ಡಬ್ಬಿಯದು ಅಥವಾ ಲೈನಿನದು. ದೂರು ಕೊಡುವಾಗ "ನೆಟ್ ಬರ್ತಿಲ್ಲ" ಎನ್ನದೆ, ವೈರ್‌ನಲ್ಲಿ ಸಿಕ್ಕ ವೇಗ ಇಷ್ಟು, ಪಕ್ಕದಲ್ಲೇ ನಿಂತರೆ ಸಿಗ್ನಲ್ ಇಷ್ಟು ಎಂದು ಎರಡೂ ಅಂಕಿ ಹೇಳಿ. ಆಗ ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ನಿಮ್ಮನ್ನು ಸಾಗಹಾಕುವುದು ಅವರಿಗೆ ಅಷ್ಟು ಸುಲಭವಾಗುವುದಿಲ್ಲ.