ಸಂದರ್ಶನವಾಗಿ ವಾರ ಕಳೆದ ಮೇಲೆ ಬರೆಯುವ ಮೇಲ್

ಕೆಲಸದ ಸಂದರ್ಶನ ಮುಗಿದು ವಾರವಾದರೂ ಕಂಪನಿಯಿಂದ ಸುದ್ದಿ ಬಾರದಿದ್ದಾಗ ಅಭ್ಯರ್ಥಿ ಬರೆಯುವ ವಿಚಾರಣೆಯ ಪತ್ರವೇ ಫಾಲೋಅಪ್ ಮೇಲ್. ಸುದ್ದಿ ಬರಲಿಲ್ಲವೆಂದರೆ ಕೆಲಸ ಕೈತಪ್ಪಿತೆಂದೇ ಅರ್ಥವಲ್ಲ. ಸಂದರ್ಶನ ಮಾಡಿದವರು ತಮ್ಮ ಅಭಿಪ್ರಾಯವನ್ನು ಇನ್ನೂ ಬರೆದು ಕೊಟ್ಟಿರುವುದಿಲ್ಲ, ಇನ್ನಿಬ್ಬರು ಅಭ್ಯರ್ಥಿಗಳ ಸರದಿ ಬಾಕಿ ಇರುತ್ತದೆ, ಇಲ್ಲವೇ ಸಂಬಳದ ಮೊತ್ತಕ್ಕೆ ಮೇಲಿನವರ ಒಪ್ಪಿಗೆ ಸಿಕ್ಕಿರುವುದಿಲ್ಲ. ಕೆಲವೊಮ್ಮೆ ಮೊದಲು ಆಯ್ಕೆಯಾದವರಿಗೆ ಆಫರ್ ಕಳಿಸಿ, ಅವರು ಒಪ್ಪುವ ತನಕ ಎರಡನೆಯವರಿಗೆ ಹೌದು ಎಂದೂ ಇಲ್ಲ ಎಂದೂ ಹೇಳದೆ ಕಾಯಿಸುವುದುಂಟು. ಇದನ್ನು ಎಚ್‌ಆರ್‌ನವರು ಬಾಯಿಬಿಟ್ಟು ಹೇಳುವುದು ಅಪರೂಪ.

ವಾರವನ್ನು ಎಣಿಸುವಾಗ ಲೆಕ್ಕಕ್ಕೆ ಬರುವುದು ಕೆಲಸದ ದಿನಗಳು ಮಾತ್ರ. ತುಮಕೂರಿನ ಬಿ.ಕಾಂ. ಪದವೀಧರೆಯೊಬ್ಬಳು ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ಜೂನ್ 12, ಗುರುವಾರ ಸಂದರ್ಶನ ಕೊಟ್ಟಳು ಎಂದುಕೊಳ್ಳೋಣ. ಏಳುವಾಗ ಎಚ್‌ಆರ್‌ನವರು ‘ಒಂದು ವಾರದಲ್ಲಿ ತಿಳಿಸುತ್ತೇವೆ’ ಎಂದಿದ್ದರು. ಆ ಗಡುವು 19ಕ್ಕೆ ಮುಗಿಯಿತು. 20ರ ಬೆಳಗ್ಗೆಯೇ ಬರೆದರೆ ಅವಸರವಾಗುತ್ತದೆ. ಶುಕ್ರವಾರ, ಸೋಮವಾರ ಎರಡು ದಿನ ಬಿಟ್ಟು 24ರ ಮಂಗಳವಾರ ಬರೆಯುವುದು ಸರಿ. ಗಡುವನ್ನೇ ಹೇಳಿರದಿದ್ದರೆ ಐದು ಕೆಲಸದ ದಿನ ಕಾದರೆ ಸಾಕು. ಬರೆಯುವ ಮೊದಲು ಸ್ಪ್ಯಾಮ್ ಪೆಟ್ಟಿಗೆಯಲ್ಲೊಮ್ಮೆ ಹುಡುಕಬೇಕು. ಕಂಪನಿಗಳ ತಂತ್ರಾಂಶದಿಂದ ತಾನಾಗಿ ಹೊರಡುವ ಮೇಲ್‌ಗಳು ಅಲ್ಲಿ ಹೋಗಿ ಕೂರುವುದಿದೆ.

ಯಾರಿಗೆ ಬರೆಯಬೇಕು ಎಂಬುದು ಹಲವರು ಎಡವುವ ಜಾಗ. ಸಂದರ್ಶನದ ದಿನ ಮತ್ತು ಸಮಯ ಗೊತ್ತುಮಾಡಿದವರಿಗೇ ಬರೆಯಬೇಕು. ಪ್ರಶ್ನೆ ಕೇಳಿದ ಮ್ಯಾನೇಜರಿಗೆ ಅಲ್ಲ. ಮಧ್ಯೆ ಕನ್ಸಲ್ಟೆನ್ಸಿ ಇದ್ದರೆ ಮೊದಲು ಅವರನ್ನೇ ಕೇಳಬೇಕು, ಏಕೆಂದರೆ ಅಂಥ ಅಭ್ಯರ್ಥಿಯೊಡನೆ ಕಂಪನಿ ಸಾಮಾನ್ಯವಾಗಿ ಅವರ ಮೂಲಕವೇ ಮಾತಾಡುತ್ತದೆ. ಹೊಸ ಮೇಲ್ ತೆರೆಯುವುದಕ್ಕಿಂತ ಸಂದರ್ಶನಕ್ಕೆ ಕರೆದ ಹಳೆಯ ಮೇಲ್‌ಗೇ Reply ಒತ್ತಿ ಬರೆಯುವುದು ಲೇಸು. ವಿಷಯದ ಸಾಲು `Re: Interview – Accounts Executive – 12 June` ಎಂದು ಹಾಗೇ ಉಳಿಯುತ್ತದೆ, ಹಿಂದಿನ ಮಾತುಕತೆ ಕೆಳಗೆ ಇರುತ್ತದೆ, ದಿನಕ್ಕೆ ಹತ್ತಾರು ಜನರನ್ನು ನೋಡುವ ಎಚ್‌ಆರ್‌ಗೆ ಈಕೆ ಯಾರೆಂದು ಹುಡುಕುವ ಕೆಲಸ ತಪ್ಪುತ್ತದೆ. ಹಳೆಯ ಮೇಲ್ `noreply` ಎಂದು ಶುರುವಾಗುವ ವಿಳಾಸದಿಂದ ಬಂದಿದ್ದರೆ ಮಾತ್ರ ಅದಕ್ಕೆ ಉತ್ತರಿಸಿ ಫಲವಿಲ್ಲ. ಅದರೊಳಗೆ ಕೊಟ್ಟಿರುವ ಬೇರೆ ವಿಳಾಸಕ್ಕೆ ಬರೆಯಬೇಕು.

ಒಕ್ಕಣೆ ಐದಾರು ಸಾಲು ಮೀರಬಾರದು. ಬೆಂಗಳೂರಿನ ಕಚೇರಿಗಳಲ್ಲಿ ಇದು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ತುಮಕೂರಿನ ಹುಡುಗಿಯ ಮೇಲ್‌ನ ತಿರುಳು ಹೀಗಿರಬಹುದು:

‘ನಮಸ್ಕಾರ ಮೇಡಂ. ಜೂನ್ 12ರಂದು ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಯ ಎರಡನೇ ಸುತ್ತಿನ ಸಂದರ್ಶನಕ್ಕೆ ಬಂದಿದ್ದೆ. ಜಿಎಸ್‌ಟಿ ರಿಟರ್ನ್ಸ್ ಕೆಲಸದ ಬಗ್ಗೆ ವಿವರವಾಗಿ ಮಾತಾಡಿದ್ದು ಉಪಯೋಗವಾಯಿತು; ಹುದ್ದೆಯ ಬಗ್ಗೆ ನನ್ನ ಆಸಕ್ತಿ ಹಾಗೆಯೇ ಇದೆ. ತೀರ್ಮಾನ ಯಾವಾಗ ಆಗಬಹುದೆಂದು ತಿಳಿಸುವಿರಾ? ಆಯ್ಕೆಯಾದರೆ ಜುಲೈ 1ರಿಂದ ಕೆಲಸಕ್ಕೆ ಸೇರಬಲ್ಲೆ.’

ಇಲ್ಲಿರುವ ಪ್ರಶ್ನೆ ಒಂದೇ. ‘ನಾನು ಆಯ್ಕೆಯಾದೆನೇ?’ ಎಂದು ಆಕೆ ಕೇಳಿಲ್ಲ. ತೀರ್ಮಾನ ಆಗಿರದಿದ್ದರೆ ಆ ಪ್ರಶ್ನೆಗೆ ಎಚ್‌ಆರ್‌ ಬಳಿ ಉತ್ತರವಿರುವುದಿಲ್ಲ, ಉತ್ತರವಿಲ್ಲದ ಮೇಲ್ ಪಕ್ಕಕ್ಕೆ ಸರಿಯುತ್ತದೆ. ‘ಯಾವಾಗ’ ಎಂಬುದಕ್ಕಾದರೆ ಮೊಬೈಲಿನಲ್ಲೇ ಒಂದು ಸಾಲು ಬರೆದು ಮುಗಿಸಬಹುದು. ಜಿಎಸ್‌ಟಿಯ ಮಾತು ಆ ದಿನದ ಸಂದರ್ಶನವನ್ನು ನೆನಪಿಗೆ ತರಲು ಬಂದಿದೆ. ಸೇರುವ ದಿನಾಂಕ ಎಚ್‌ಆರ್‌ಗೆ ಹೇಗೂ ಬೇಕಾದ ಮಾಹಿತಿ. ಈಗಾಗಲೇ ಕೆಲಸದಲ್ಲಿರುವವರು ಈ ಜಾಗದಲ್ಲಿ ತಮ್ಮ ನೋಟಿಸ್ ಅವಧಿಯನ್ನು ಬರೆಯುತ್ತಾರೆ.

ಬೇರೆ ಕಂಪನಿಯ ಆಫರ್ ನಿಜವಾಗಿ ಕೈಯಲ್ಲಿದ್ದರೆ ‘30ನೇ ತಾರೀಖಿನೊಳಗೆ ಅವರಿಗೆ ಉತ್ತರ ಕೊಡಬೇಕಿದೆ’ ಎಂದು ಸೇರಿಸಬಹುದು. ಕಡತವನ್ನು ಮುಂದಕ್ಕೆ ತಳ್ಳಲು ಎಚ್‌ಆರ್‌ಗೆ ಅದೊಂದು ಕಾರಣ ಸಿಕ್ಕಂತಾಗುತ್ತದೆ. ಇಲ್ಲದ ಆಫರನ್ನು ಇದೆಯೆಂದು ಬರೆದವರಿಗೆ ‘ಅದರ ಪ್ರತಿ ಕಳಿಸಿ’ ಎಂಬ ಉತ್ತರ ಬರಬಹುದು. ‘ಹಾಗಾದರೆ ಅಲ್ಲೇ ಸೇರಿಕೊಳ್ಳಿ’ ಎಂದೂ ಬರಬಹುದು. ಸುಮ್ಮನಿದ್ದಿದ್ದಕ್ಕೆ ದೂರುವ ಸಾಲು, ಮತ್ತೊಮ್ಮೆ ಲಗತ್ತಿಸಿದ ರೆಸ್ಯುಮೆ, ಮೇಲ್ ಕಳಿಸಿದ ಹತ್ತೇ ನಿಮಿಷಕ್ಕೆ ‘ನೋಡಿದಿರಾ?’ ಎಂಬ ವಾಟ್ಸಾಪ್ ಇವು ಯಾವುವೂ ಬೇಡ.

ಬರುವ ಉತ್ತರವನ್ನು ಓದಿಕೊಳ್ಳುವುದಕ್ಕೂ ಸ್ವಲ್ಪ ರೂಢಿ ಬೇಕು. ‘ಶುಕ್ರವಾರದೊಳಗೆ ತಿಳಿಸುತ್ತೇವೆ’ ಎಂದರೆ ವಿಷಯ ಇನ್ನೂ ಜೀವಂತ. ‘ಹುದ್ದೆ ಹೋಲ್ಡ್‌ನಲ್ಲಿದೆ’ ಎಂದರೆ ನೇಮಕವೇ ಸದ್ಯಕ್ಕೆ ನಿಂತಿದೆ. ‘ನಿಮ್ಮ ಪ್ರೊಫೈಲ್ ನಮ್ಮಲ್ಲಿ ಇಟ್ಟುಕೊಂಡಿರುತ್ತೇವೆ’ ಎಂಬುದು ಬಹುಮಟ್ಟಿಗೆ ಇಲ್ಲ ಎನ್ನುವುದರ ನಯವಾದ ರೂಪ. ಏನೂ ಬಾರದಿದ್ದರೆ ಇನ್ನೊಂದು ವಾರ ಬಿಟ್ಟು, ಅದೇ ಮೇಲ್‌ನ ಮುಂದುವರಿಕೆಯಾಗಿ ಎರಡು ಸಾಲಿನ ಕೊನೆಯ ವಿಚಾರಣೆ ಕಳಿಸಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಮೂರನೆಯದು ಬೇಡ. ಆ ಅರ್ಜಿ ಮುಗಿಯಿತೆಂದೇ ಲೆಕ್ಕ.